ಆಹಾರ ಸರಪಳಿಯ ಬಾಣ ಯಾವ ಕಡೆಗೆ? ಜೋಳದ ಹೊಲದ ಒಂದು ಅಭ್ಯಾಸ ಹಾಳೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಗ್ರಾಮ ಪಂಚಾಯತಿ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಿಗೆ ಭೇಟಿ ನೀಡುವ ಮಾನ್ಯ ಸದಸ್ಯರು ಅಲ್ಲಿ ಮಕ್ಕಳು ವಿಜ್ಞಾನದ ಅಭ್ಯಾಸ ಹಾಳೆಗಳನ್ನು ತುಂಬುತ್ತಿರುವುದನ್ನು ಕಂಡಿರಬಹುದು. ಹತ್ತನೆಯ ತರಗತಿಯ ‘ನಮ್ಮ ಪರಿಸರ’ ಪಾಠಕ್ಕೆ ಸಂಬಂಧಿಸಿದ ಹಾಳೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ಕೊಟ್ಟಿರುವ ಜೀವಿಗಳನ್ನು ಬಾಣದ ಗುರುತಿನಿಂದ ಜೋಡಿಸಿ ಆಹಾರ ಸರಪಳಿಯನ್ನು ರಚಿಸಿರಿ. ನೋಡಲು ಸುಲಭವಾದ ಈ ಪ್ರಶ್ನೆಯಲ್ಲಿಯೇ ಹೆಚ್ಚು ಅಂಕಗಳು ಕಳೆದುಹೋಗುತ್ತವೆ. ಜೀವಿಗಳ ಹೆಸರು, ಅನುಕ್ರಮ ಎಲ್ಲವೂ ಸರಿಯಿರುತ್ತವೆ. ಬಾಣ ಮಾತ್ರ ತಿರುವುಮುರುವಾಗಿರುತ್ತದೆ.

ಹಾಳೆಗಳಲ್ಲಿ ಸಾಮಾನ್ಯವಾಗಿ ಹುಲ್ಲು, ಜಿಂಕೆ, ಹುಲಿ ಎಂಬ ಉದಾಹರಣೆ ಇರುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಹುಲಿ ಇಲ್ಲ. ಹಿಂಗಾರಿ ಜೋಳವಿದೆ, ಅದನ್ನು ತಿನ್ನುವ ಹೊಲದ ಇಲಿ ಇದೆ, ಇಲಿಯನ್ನು ನುಂಗುವ ಕೇರೆ ಹಾವು ಇದೆ, ಎರಡನ್ನೂ ಬಿಡದ ಮುಂಗುಸಿಯೂ ಇದೆ. ಆದುದರಿಂದ ಇಲ್ಲಿ ಎರೆಭೂಮಿಯ ಒಂದು ಜೋಳದ ಹೊಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಸರಿಯಾದ ಉತ್ತರ ಹೀಗಿರಬೇಕು:

ಜೋಳ → ಇಲಿ → ಕೇರೆ ಹಾವು → ಮುಂಗುಸಿ

ಅನೇಕ ಮಕ್ಕಳು ಇದನ್ನು ಜೋಳ ← ಇಲಿ ← ಕೇರೆ ಹಾವು ← ಮುಂಗುಸಿ ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯ ತಪ್ಪಲ್ಲ. ‘ಹಾವು ಇಲಿಯನ್ನು ತಿನ್ನುತ್ತದೆ’ ಎಂದು ನಾವು ಹೇಳುತ್ತೇವೆ. ವಾಕ್ಯದಲ್ಲಿ ಹಾವು ಮೊದಲು ಬರುತ್ತದೆ, ಕ್ರಿಯೆಯೂ ಹಾವಿನಿಂದಲೇ ಹೊರಡುತ್ತದೆ. ಹಾವು ಇಲಿಯ ಮೇಲೆ ಎರಗುವ ದಿಕ್ಕನ್ನೇ ಮಗು ಬಾಣವಾಗಿ ಬರೆಯುತ್ತದೆ. ಆದರೆ ಈ ಬಾಣವು ಬೇಟೆಯ ದಿಕ್ಕನ್ನು ತೋರಿಸುವುದಿಲ್ಲ. ಆಹಾರದಲ್ಲಿರುವ ಶಕ್ತಿಯು ಯಾವ ದೇಹದಿಂದ ಯಾವ ದೇಹಕ್ಕೆ ಸಾಗಿತು ಎಂಬುದನ್ನು ತೋರಿಸುತ್ತದೆ. ಇಲಿಯ ದೇಹದಲ್ಲಿದ್ದ ಶಕ್ತಿ ಹಾವಿನ ಹೊಟ್ಟೆಗೆ ಹೋಯಿತು. ಆದ್ದರಿಂದ ಬಾಣದ ಮೊನೆ ಹಾವಿನ ಕಡೆಗಿರಬೇಕು.

ಇದನ್ನು ತಿದ್ದಲು ಕನ್ನಡದಲ್ಲಿಯೇ ಒಂದು ಸರಳ ಉಪಾಯವಿದೆ. ‘ತಿನ್ನುತ್ತದೆ’ ಎಂಬ ವಾಕ್ಯವನ್ನು ಬಿಟ್ಟು ‘ಆಹಾರ’ ಎಂಬ ವಾಕ್ಯವನ್ನು ಹೇಳಿಸಬೇಕು: ಜೋಳವು ಇಲಿಗೆ ಆಹಾರ, ಇಲಿಯು ಹಾವಿಗೆ ಆಹಾರ, ಹಾವು ಮುಂಗುಸಿಗೆ ಆಹಾರ. ಯಾವ ಹೆಸರಿಗೆ ‘ಗೆ’ ಪ್ರತ್ಯಯ ಹತ್ತುತ್ತದೆಯೋ ಆ ಕಡೆಗೆ ಬಾಣದ ಮೊನೆ. ಬರೆದಾದ ಮೇಲೆ ಪ್ರತಿ ಬಾಣವನ್ನೂ ಹೀಗೆ ಓದಿ ನೋಡಿದರೆ ತಿರುವು ತಾನಾಗಿಯೇ ಕಾಣುತ್ತದೆ. ‘ಹಾವು ಇಲಿಗೆ ಆಹಾರ’ ಎಂದು ಓದಿದೊಡನೆ ಮಗುವೇ ನಕ್ಕು ರಬ್ಬರು ಕೈಗೆ ತೆಗೆದುಕೊಳ್ಳುತ್ತದೆ.

ಸೂರ್ಯನನ್ನು ಎಲ್ಲಿ ಬರೆಯಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಜೋಳದ ಎಲೆಗೆ ಶಕ್ತಿ ಬರುವುದು ಬಿಸಿಲಿನಿಂದ, ಹಾಗಾಗಿ ಸೂರ್ಯನಿಂದ ಜೋಳಕ್ಕೆ ಬಾಣ ಎಳೆದರೆ ತಪ್ಪಲ್ಲ. ಆದರೆ ಸೂರ್ಯ ಜೀವಿಯಲ್ಲ, ಪೋಷಣಾ ಸ್ತರಗಳನ್ನು ಎಣಿಸುವಾಗ ಅದನ್ನು ಸೇರಿಸಬಾರದು. ಮೊದಲನೆಯ ಸ್ತರ ಉತ್ಪಾದಕವಾದ ಜೋಳದ್ದೇ.

ಇದಕ್ಕಿಂತ ಸೂಕ್ಷ್ಮವಾದದ್ದು ಗೊಬ್ಬರದ ಪ್ರಶ್ನೆ. ಸತ್ತ ಹಾವು, ಬಿದ್ದ ಕಣಿಕೆ, ಸೆಗಣಿ ಎಲ್ಲವೂ ಮಣ್ಣಿನ ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಾಗಳಿಗೆ ಆಹಾರ. ಆದ್ದರಿಂದ ಎಲ್ಲ ಜೀವಿಗಳಿಂದಲೂ ವಿಘಟಕಗಳ ಕಡೆಗೆ ಬಾಣ ಹೋಗುತ್ತದೆ. ಅಲ್ಲಿಂದ ಮರಳಿ ಜೋಳಕ್ಕೆ ಬಾಣ ಎಳೆಯಬಹುದೇ? ತಿಪ್ಪೆಗೊಬ್ಬರ ಬೆಳೆಗೆ ಆಹಾರವೆಂದು ರೈತರು ಹೇಳುವುದು ಸಹಜ. ಆದರೆ ಗೊಬ್ಬರದಿಂದ ಬೆಳೆಗೆ ದೊರೆಯುವುದು ಸಾರಜನಕ, ರಂಜಕದಂತಹ ಪೋಷಕಾಂಶಗಳೇ ಹೊರತು ಶಕ್ತಿಯಲ್ಲ. ಎಷ್ಟೇ ಗೊಬ್ಬರ ಹಾಕಿದರೂ ಕತ್ತಲಕೋಣೆಯಲ್ಲಿಟ್ಟ ಜೋಳದ ಸಸಿ ಬೆಳೆಯದು. ಪೋಷಕಾಂಶಗಳು ತಿರುಗಿ ಬರುತ್ತವೆ. ಶಕ್ತಿ ಒಮ್ಮುಖವಾಗಿ ಸಾಗಿ, ಪ್ರತಿ ಹಂತದಲ್ಲಿಯೂ ಶಾಖವಾಗಿ ಹೊರಬೀಳುತ್ತದೆ. ಆದುದರಿಂದ ವಿಘಟಕದಿಂದ ಬೆಳೆಗೆ ಗೆರೆ ಎಳೆಯಲೇಬೇಕಾದರೆ ಅದನ್ನು ಚುಕ್ಕೆಗೆರೆಯಾಗಿ ಎಳೆದು ‘ಪೋಷಕಾಂಶ’ ಎಂದು ಬರೆಯುವುದು ಸರಿ.

ಮುಂದಿನದು ಲೆಕ್ಕದ ಪ್ರಶ್ನೆ. ‘ಜೋಳದಲ್ಲಿ 20,000 ಕಿಲೋಜೂಲ್ ಶಕ್ತಿ ಇದ್ದರೆ ಮುಂಗುಸಿಗೆ ದೊರೆಯುವುದು ಎಷ್ಟು?’ ಒಂದು ಸ್ತರದಿಂದ ಮುಂದಿನ ಸ್ತರದ ದೇಹಕ್ಕೆ ಸರಾಸರಿ ಶೇಕಡಾ 10ರಷ್ಟು ಶಕ್ತಿ ಮಾತ್ರ ಸೇರುತ್ತದೆ ಎಂಬುದು ಪಠ್ಯದ ನಿಯಮ. ಅದರಂತೆ ಇಲಿಗೆ 2,000, ಹಾವಿಗೆ 200, ಮುಂಗುಸಿಗೆ 20 ಕಿಲೋಜೂಲ್. ಮುಂಗುಸಿ ಇಲಿಯನ್ನೇ ನೇರವಾಗಿ ಹಿಡಿದು ತಿಂದರೆ ಒಂದು ಹಂತ ಕಡಿಮೆಯಾಗಿ ಅದಕ್ಕೆ 200 ಕಿಲೋಜೂಲ್ ದೊರೆಯುತ್ತದೆ. ಅದೇ ಹೊಲ, ಅದೇ ಜೋಳ, ಅದೇ ಮುಂಗುಸಿ. ನಡುವೆ ಹಾವು ಇದ್ದುದರಿಂದ ಹತ್ತು ಪಟ್ಟು ವ್ಯತ್ಯಾಸ. ಮಕ್ಕಳು ಇಲ್ಲಿ ಮಾಡುವ ತಪ್ಪೆಂದರೆ ಪ್ರತಿ ಹಂತದಲ್ಲಿ ಶೇಕಡಾ 10ರಷ್ಟನ್ನು ಕಳೆಯುವುದು, ಅಂದರೆ 20,000ದಿಂದ 18,000ಕ್ಕೆ ಬರುವುದು. ಹತ್ತು ಭಾಗ ಹೋಗುವುದಲ್ಲ, ಹತ್ತು ಭಾಗ ಉಳಿಯುವುದು.

ಉಳಿದ ತೊಂಬತ್ತು ಭಾಗ ಎಲ್ಲಿಗೆ ಹೋಯಿತು? ಇಲಿ ಜೋಳದ ದಂಟು, ಬೇರುಗಳನ್ನೆಲ್ಲ ತಿನ್ನುವುದಿಲ್ಲ. ತಿಂದದ್ದರಲ್ಲಿಯೂ ಒಂದು ಭಾಗ ಹಿಕ್ಕೆಯಾಗಿ ಹೊರಹೋಗುತ್ತದೆ. ಜೀರ್ಣವಾದದ್ದರಲ್ಲಿ ಬಹುಪಾಲು ಓಡಾಡಲು, ಬಿಲ ತೋಡಲು, ಮೈ ಬೆಚ್ಚಗಿಡಲು ಖರ್ಚಾಗುತ್ತದೆ. ಕೃಷ್ಣಾ ಮೇಲ್ದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಈ ಲೆಕ್ಕ ಹೊಸದೇನಲ್ಲ. ಆದರೆ ಸೋರಿದ ನೀರು ಬಾವಿಗಾದರೂ ಇಳಿಯಬಹುದು. ಶಾಖವಾದ ಶಕ್ತಿ ಯಾವ ಜೀವಿಗೂ ಮತ್ತೆ ಆಹಾರವಾಗದು.

ಈ ಹತ್ತು ಎಂಬ ಸಂಖ್ಯೆಯನ್ನು ಪರೀಕ್ಷೆಯಲ್ಲಿ ಬಳಸಬೇಕು, ಆದರೆ ಅದು ಪ್ರಕೃತಿಯ ಕಟ್ಟುನಿಟ್ಟಿನ ನಿಯಮವಲ್ಲ. ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ಯುವ ವಿಜ್ಞಾನಿ ಮಿನ್ನೆಸೋಟದ ಒಂದು ಸಣ್ಣ ಕೆರೆಯನ್ನು ಅಭ್ಯಾಸ ಮಾಡಿ ಬರೆದ ಪ್ರಬಂಧ 1942ರಲ್ಲಿ ಪ್ರಕಟವಾಯಿತು. ಈ ವಿಚಾರಕ್ಕೆ ಅದೇ ತಳಹದಿ. ಅಲ್ಲಿಯೇ ಸಸ್ಯಾಹಾರಿ ಸ್ತರಕ್ಕೆ ಶೇಕಡಾ 13ರಷ್ಟು, ಅದರ ಮೇಲಿನ ಸ್ತರಕ್ಕೆ ಶೇಕಡಾ 22ರಷ್ಟು ಎಂಬ ಲೆಕ್ಕ ಬಂದಿತ್ತು. ಬಿಸಿರಕ್ತದ ಇಲಿಯು ಜೀರ್ಣಿಸಿಕೊಂಡದ್ದರಲ್ಲಿ ದೇಹವಾಗಿ ಉಳಿಸಿಕೊಳ್ಳುವುದು ಶೇಕಡಾ ಕೆಲವೇ ಭಾಗ. ಮಿಡತೆಯಂತಹ ಕೀಟ ಅದಕ್ಕಿಂತ ಬಹಳ ಹೆಚ್ಚು ಉಳಿಸಿಕೊಳ್ಳುತ್ತದೆ. ಹತ್ತು ಎಂಬುದು ಲೆಕ್ಕದ ಅನುಕೂಲಕ್ಕೆ ಹಿಡಿದ ಸರಾಸರಿ.

ಸರಪಳಿಗಳು ಒಂದನ್ನೊಂದು ಹೆಣೆದುಕೊಂಡಾಗ ಆಹಾರ ಜಾಲವಾಗುತ್ತದೆ. ಮೇಲಿನ ಹೊಲದಲ್ಲಿಯೇ ಜೋಳದಿಂದ ಇಲಿಗೂ ಮಿಡತೆಗೂ ಬಾಣ ಹೊರಡುತ್ತದೆ. ಇಲಿಯಿಂದ ಕೇರೆ ಹಾವು, ಗೂಗೆ, ಮುಂಗುಸಿ ಈ ಮೂರಕ್ಕೂ ಬಾಣ. ಮಿಡತೆಯಿಂದ ಕಾಜಾಣಕ್ಕೂ ನವಿಲಿಗೂ ಬಾಣ. ನವಿಲು ಜೋಳದ ಕಾಳನ್ನೂ ತಿನ್ನುವುದರಿಂದ ಜೋಳದಿಂದ ಅದಕ್ಕೆ ನೇರ ಬಾಣವೂ ಇರಬೇಕು. ‘ನವಿಲು ಯಾವ ಸ್ತರದ್ದು?’ ಎಂದು ಕೇಳಿದರೆ ಒಂದೇ ಉತ್ತರವಿಲ್ಲ: ಕಾಳು ತಿಂದಾಗ ಎರಡನೆಯದು, ಮಿಡತೆ ತಿಂದಾಗ ಮೂರನೆಯದು. ಕೇಳಿದ ಸರಪಳಿ ಯಾವುದು ಎಂಬುದನ್ನು ನೋಡಿ ಉತ್ತರಿಸಬೇಕು. ಆಲಮಟ್ಟಿ ಹಿನ್ನೀರಿನ ಊರುಗಳಲ್ಲಿ ಪಾಚಿ, ಮೀನು, ನೀರುಕಾಗೆಗಳನ್ನು ಇಟ್ಟುಕೊಂಡು ಇದೇ ಅಭ್ಯಾಸವನ್ನು ಮಾಡಿಸಬಹುದು.

ಜಾಲದ ಮೇಲೆ ಕೇಳುವ ಸಾಮಾನ್ಯ ಪ್ರಶ್ನೆ: ‘ಹೊಲದ ಕೇರೆ ಹಾವುಗಳನ್ನೆಲ್ಲ ಕೊಂದರೆ ಏನಾಗುತ್ತದೆ?’ ಉತ್ತರಿಸುವ ಕ್ರಮ ಹೀಗಿದೆ. ಮೊದಲು ಹಾವಿನ ಕಡೆಗೆ ಬರುವ ಬಾಣವನ್ನು ನೋಡಬೇಕು. ಅದರ ಬುಡದಲ್ಲಿ ಇಲಿ ಇದೆ, ತಿನ್ನುವವರಲ್ಲಿ ಒಬ್ಬರು ಕಡಿಮೆಯಾದ್ದರಿಂದ ಇಲಿ ಹೆಚ್ಚುತ್ತದೆ. ನಂತರ ಹಾವಿನಿಂದ ಹೊರಡುವ ಬಾಣವನ್ನು ನೋಡಬೇಕು. ಅದರ ಮೊನೆಯಲ್ಲಿ ಮುಂಗುಸಿ ಇದೆ, ಅದಕ್ಕೆ ಒಂದು ಆಹಾರ ತಪ್ಪಿತು. ಕೊನೆಗೆ ಅದೇ ಇಲಿಯಿಂದ ಹೊರಡುವ ಬೇರೆ ಬಾಣಗಳನ್ನು ನೋಡಬೇಕು. ಗೂಗೆ ಮತ್ತು ಮುಂಗುಸಿ ಉಳಿದಿರುವುದರಿಂದ ಏರಿಕೆಗೆ ಸ್ವಲ್ಪ ತಡೆ ಬೀಳುತ್ತದೆ. ಆದರೆ ಹೆಣ್ಣಿಲಿ ಗರ್ಭ ಧರಿಸಿ ಮರಿ ಹಾಕಲು ಮೂರು ವಾರ ಸಾಕು. ಗೂಗೆ, ಮುಂಗುಸಿಗಳ ಸಂಖ್ಯೆ ಆ ವೇಗದಲ್ಲಿ ಏರದು. ಬಾಣಗಳನ್ನು ತಿರುವಿ ಬರೆದ ಮಗುವಿಗೆ ಈ ಮೂರೂ ಹೆಜ್ಜೆ ತಪ್ಪುತ್ತವೆ, ಹಾವು ಸತ್ತರೆ ಇಲಿ ಉಪವಾಸ ಬೀಳುತ್ತದೆ ಎಂಬ ಉತ್ತರ ಬರುತ್ತದೆ. ಒಂದು ಅಂಕದ ತಪ್ಪು ಐದು ಅಂಕದ ತಪ್ಪಾಗುವುದು ಹೀಗೆ. (ಕೇರೆ ಹಾವು ವಿಷರಹಿತವಾದುದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೂ ಒಳಪಟ್ಟಿದೆ ಎಂಬುದು ಸದಸ್ಯರ ಗಮನದಲ್ಲಿರಲಿ.)

ಈ ಓದು ಹಾಳೆಯಿಂದ ಹೊಲಕ್ಕೆ ಬರುವುದು ಇಲಿಪಾಷಾಣದ ವಿಷಯದಲ್ಲಿ. ಬಾಣದ ದಾರಿಯಲ್ಲಿ ಶಕ್ತಿಯೊಂದಿಗೆ ವಿಷವೂ ಸಾಗುತ್ತದೆ, ಆದರೆ ಶಕ್ತಿಯಂತೆ ಕರಗಿಹೋಗುವುದಿಲ್ಲ. ಬ್ರೊಮಾಡಿಯೊಲೋನ್ ಎಂಬ ಪಾಷಾಣ ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೊಲ್ಲುತ್ತದೆ. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ನಿಧಾನವಾಗಿ, ಬಯಲಿನಲ್ಲಿ ಅಡ್ಡಾಡುತ್ತದೆ. ಗೂಗೆಗೆ ಸಿಗುವುದೂ ಅಂತಹ ಇಲಿಯೇ. ವಿಷ ಗೂಗೆಯ ಯಕೃತ್ತಿನಲ್ಲಿ ಬಹುಕಾಲ ಉಳಿದು, ಪ್ರತಿ ಇಲಿಯೊಂದಿಗೆ ಕೂಡುತ್ತ ಹೋಗುತ್ತದೆ. ಜಿಂಕ್ ಫಾಸ್ಫೈಡ್ ಹಾಗಲ್ಲ. ಅದು ಇಲಿಯ ಹೊಟ್ಟೆಯಲ್ಲಿ ಅನಿಲವಾಗಿ ಬೇಗನೆ ಕೊಲ್ಲುತ್ತದೆ, ಮಾಂಸದಲ್ಲಿ ಶೇಖರವಾಗುವುದಿಲ್ಲ. ಆದರೆ ಆ ಪಾಷಾಣವನ್ನು ನೇರವಾಗಿ ತಿಂದ ಕೋಳಿ, ನಾಯಿ, ನವಿಲು ಯಾವುದೂ ಬದುಕುವುದಿಲ್ಲ. ಅಭ್ಯಾಸ ಹಾಳೆಯಲ್ಲಿ ಇಲಿಯಿಂದ ಹೊರಡುವ ಮೂರು ಬಾಣಗಳ ಮೇಲೆ ಕೆಂಪು ಪೆನ್ಸಿಲ್‌ನಿಂದ ವಿಷದ ದಾರಿಯನ್ನು ಗುರುತಿಸಲು ಹೇಳಿದರೆ, ಇಲಿ ಹಿಡಿಯುವ ಮೂವರೂ ಆ ದಾರಿಯಲ್ಲಿಯೇ ಇದ್ದಾರೆಂಬುದು ಮಕ್ಕಳಿಗೆ ಕಾಣುತ್ತದೆ. ಊರಿನಲ್ಲಿ ಒಟ್ಟಾಗಿ ಪಾಷಾಣ ಇಡುವ ನಿರ್ಧಾರವಾದಲ್ಲಿ ಅದನ್ನು ಬಯಲಿನಲ್ಲಿ ಚೆಲ್ಲದೆ, ಇಲಿ ಇರುವ ಬಿಲದೊಳಗೆ ಇಟ್ಟು ಬಾಯಿ ಮುಚ್ಚಬೇಕು. ಸತ್ತ ಇಲಿಗಳನ್ನು ದಿನವೂ ಬೆಳಿಗ್ಗೆ ಆರಿಸಿ, ನಾಯಿ ಕೆದರದಷ್ಟು ಆಳದಲ್ಲಿ ಹೂಳಬೇಕು. ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ದಾಖಲಾತಿ ಸಿದ್ಧಪಡಿಸುವಾಗ ಊರಿನ ಹಳೆಯ ಮರದ ಪೊಟರೆ, ಪಾಳು ಗೋಡೆಗಳಲ್ಲಿರುವ ಗೂಗೆಯ ಗೂಡುಗಳನ್ನು ಬರೆದಿಟ್ಟರೆ, ಪಾಷಾಣ ಇಡುವ ಹೊಲಗಳನ್ನು ಅವುಗಳಿಂದ ದೂರದಲ್ಲಿ ಆರಿಸಲು ಆ ಪುಟವೇ ಸಾಕಾಗುತ್ತದೆ.