ಡೊಮೇನ್ ನೋಂದಣಿ: ಮುಸುಕಿನ ಹೊರಗೆ ಕಾಣುವುದೇನು, ಒಳಗೆ ಉಳಿಯುವುದೇನು?

ಅಥಣಿಯ ಕೊಲ್ಹಾಪುರಿ ಚಪ್ಪಲಿ, ನಿಪ್ಪಾಣಿಯ ತಂಬಾಕು, ಕಾಗವಾಡ ಭಾಗದ ಒಣದ್ರಾಕ್ಷಿ, ರಾಯಬಾಗ ಮತ್ತು ಚಿಕ್ಕೋಡಿಯ ಬೆಲ್ಲ, ಇವೆಲ್ಲಕ್ಕೂ ಈಗ ದೂರದ ಗಿರಾಕಿಗಳಿದ್ದಾರೆ. ಅವರಿಗಾಗಿ ವರ್ತಕರು ಅಂತರ್ಜಾಲ ತಾಣವನ್ನು ತೆರೆಯುತ್ತಾರೆ. ತಾಣಕ್ಕೊಂದು ಹೆಸರು ಬೇಕು. ಆ ಹೆಸರನ್ನು, ಅಂದರೆ ಡೊಮೇನನ್ನು, ರಿಜಿಸ್ಟ್ರಾರ್ ಎಂಬ ನೋಂದಣಿ ಸಂಸ್ಥೆಯಲ್ಲಿ ವರ್ಷಾವಾರು ಶುಲ್ಕ ಕಟ್ಟಿ ಪಡೆಯಬೇಕು. ಆಗ ತುಂಬುವ ಅರ್ಜಿಯಲ್ಲಿ ನೋಂದಣಿದಾರನ ಹೆಸರು, ಸಂಸ್ಥೆಯ ಹೆಸರು, ಬೀದಿ, ಊರು, ರಾಜ್ಯ, ಪಿನ್ ಕೋಡ್, ದೇಶ, ದೂರವಾಣಿ ಮತ್ತು ಇ-ಮೇಲ್ ವಿವರಗಳಿರುತ್ತವೆ. ಇವುಗಳಲ್ಲಿ ಯಾವುದು ಲೋಕಕ್ಕೆಲ್ಲ ಕಾಣುತ್ತದೆ ಎಂಬುದನ್ನು ಅರ್ಜಿ ತುಂಬುವವರು ವಿಚಾರಿಸುವುದು ಅಪರೂಪ.

2018ರ ಮೇ ತಿಂಗಳವರೆಗೆ ಉತ್ತರ ಸರಳವಾಗಿತ್ತು: ಎಲ್ಲವೂ ಕಾಣುತ್ತಿತ್ತು. ‘ಹೂ ಈಸ್’ ಎಂಬ ಸಾರ್ವಜನಿಕ ದಾಖಲೆಯಲ್ಲಿ ಯಾವುದೇ .com ಹೆಸರನ್ನು ಹುಡುಕಿದರೆ ಅದರ ಒಡೆಯನ ಮನೆ ವಿಳಾಸ, ಮೊಬೈಲ್ ಸಂಖ್ಯೆ ಸಹಿತ ಬರುತ್ತಿತ್ತು. ಅದನ್ನು ಮರೆಮಾಡಲು ರಿಜಿಸ್ಟ್ರಾರ್‌ಗಳು ‘ಪ್ರೈವೆಸಿ ಪ್ರೊಟೆಕ್ಷನ್’ ಎಂಬ ಸೌಲಭ್ಯವನ್ನು ಪ್ರತ್ಯೇಕ ಶುಲ್ಕಕ್ಕೆ ಮಾರುತ್ತಿದ್ದರು. 2018ರ ಮೇ 25ರಿಂದ ಐರೋಪ್ಯ ಒಕ್ಕೂಟದ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನು ಜಾರಿಗೆ ಬಂದಿತು. ಡೊಮೇನ್ ವ್ಯವಸ್ಥೆಯನ್ನು ನಿರ್ವಹಿಸುವ ಐಕಾನ್ ಸಂಸ್ಥೆಯು ಅದಕ್ಕೆ ಹೊಂದಿಕೊಳ್ಳುವಂತೆ ನಿಯಮ ಬದಲಿಸಿದ ಮೇಲೆ ಬಹುತೇಕ ರಿಜಿಸ್ಟ್ರಾರ್‌ಗಳು ವೈಯಕ್ತಿಕ ವಿವರಗಳನ್ನು ತಾವಾಗಿಯೇ ಮುಚ್ಚತೊಡಗಿದರು. 2025ರ ಜನವರಿ 28ರ ನಂತರ .com ಮೊದಲಾದ ಹೆಸರುಗಳಿಗೆ ಹಳೆಯ ‘ಹೂ ಈಸ್’ ಸೇವೆಯ ಕಡ್ಡಾಯವೂ ಹೋಗಿ, ಆರ್‌ಡಿಎಪಿ ಎಂಬ ಹೊಸ ಪದ್ಧತಿ ಆ ಸ್ಥಾನಕ್ಕೆ ಬಂದಿದೆ.

ಒಂದು ಉದಾಹರಣೆಯನ್ನು ನೋಡೋಣ. ಅಥಣಿಯ ಒಬ್ಬ ಚಪ್ಪಲಿ ತಯಾರಕ ಮನೆಯಲ್ಲಿಯೇ ಕೆಲಸ ನಡೆಸುತ್ತಾನೆ, ಏಕಮಾಲಿಕತ್ವದ ವ್ಯವಹಾರ. ತಾಣ ರೂಪಿಸಿಕೊಡುವವನಿಗೆ ಹಣ ಕೊಟ್ಟು ಒಂದು .com ಹೆಸರನ್ನು ಪಡೆದನೆಂದು ಭಾವಿಸೋಣ. lookup.icann.org ಪುಟದಲ್ಲಿ ಆ ಹೆಸರನ್ನು ಹುಡುಕಿದರೆ ಸಾಮಾನ್ಯವಾಗಿ ಇಂತಹ ಸಾಲುಗಳು ಕಾಣುತ್ತವೆ:

```
Registrant Name: REDACTED FOR PRIVACY
Registrant Street: REDACTED FOR PRIVACY
Registrant State/Province: Karnataka
Registrant Country: IN
```

ಹೆಸರು, ಬೀದಿ, ದೂರವಾಣಿ ಮುಚ್ಚಿವೆ. ರಾಜ್ಯ ಮತ್ತು ದೇಶ ತೆರೆದಿವೆ. ನೋಂದಣಿಯಾದ ದಿನಾಂಕ, ಅವಧಿ ಮುಗಿಯುವ ದಿನಾಂಕ, ರಿಜಿಸ್ಟ್ರಾರ್‌ನ ಹೆಸರು ಮತ್ತು ತಾಣವನ್ನು ನಡೆಸುವ ನೇಮ್ ಸರ್ವರ್‌ಗಳ ಹೆಸರು ಯಾವ ಮುಸುಕಿನಿಂದಲೂ ಮುಚ್ಚುವುದಿಲ್ಲ. ‘ನಿಮ್ಮ ಡೊಮೇನಿನ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ’ ಎಂಬ ಸುಳ್ಳು ಪತ್ರಗಳಲ್ಲಿ ದಿನಾಂಕ ಮಾತ್ರ ಸರಿಯಾಗಿರುವುದು ಇದರಿಂದಲೇ. ಈ ವಂಚನೆ ಹೊಸದಲ್ಲ. ಬಿಲ್ಲಿನಂತೆ ಕಾಣುವ ನವೀಕರಣ ಪತ್ರಗಳ ವಿಷಯವಾಗಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿಯೇ ಒಂದು ಕಂಪನಿಯ ಮೇಲೆ ಕ್ರಮ ಜರುಗಿಸಿತ್ತು. ಪತ್ರದಲ್ಲಿರುವ ಸಂಸ್ಥೆಯ ಹೆಸರೂ ದಾಖಲೆಯಲ್ಲಿ ಕಾಣುವ ರಿಜಿಸ್ಟ್ರಾರ್‌ನ ಹೆಸರೂ ಒಂದೇ ಆಗಿದೆಯೇ ಎಂದು ತಾಳೆ ನೋಡಿದರೆ ನಿಜ ತಿಳಿಯುತ್ತದೆ.

ಕೆಲವೊಮ್ಮೆ ಅಥಣಿಯವನ ಡೊಮೇನಿನ ವಿಳಾಸ ಅಮೆರಿಕದ ಅರಿಜೋನಾ ಅಥವಾ ಐಸ್‌ಲೆಂಡ್ ಎಂದು ಕಂಡು ಗಾಬರಿಯಾಗುವುದುಂಟು. ಅದು ಪ್ರಾಕ್ಸಿ ಸೇವೆಯ ಲಕ್ಷಣ. ಇಲ್ಲಿ ವಿವರಗಳನ್ನು ಬರಿದೇ ಮುಚ್ಚುವುದಿಲ್ಲ; ಸೇವೆ ನೀಡುವ ಕಂಪನಿಯ ಹೆಸರು ಮತ್ತು ವಿಳಾಸವನ್ನೇ ನೋಂದಣಿದಾರನ ಜಾಗದಲ್ಲಿ ಬರೆಯಲಾಗುತ್ತದೆ. ಕಾಗದದ ಮೇಲೆ ನೋಂದಣಿದಾರ ಆ ಕಂಪನಿಯೇ. ಗಿರಾಕಿಯ ಹಕ್ಕು ಅದರೊಂದಿಗಿನ ಕರಾರಿನ ಮೇಲೆ ನಿಂತಿರುತ್ತದೆ.

.in ಹೆಸರುಗಳ ಲೆಕ್ಕ ಬೇರೆ. ಅವುಗಳ ಆಡಳಿತ ನಿಕ್ಸಿ ಎಂಬ ಭಾರತೀಯ ಸಂಸ್ಥೆಯ ಕೈಯಲ್ಲಿದೆ. ಪ್ರಾಕ್ಸಿ ಅಥವಾ ಪ್ರೈವೆಸಿ ಸೇವೆಯ ಹೆಸರಿನಲ್ಲಿ .in ನೋಂದಣಿ ಮಾಡಲು ಅದರ ನಿಯಮಗಳು ಒಪ್ಪುವುದಿಲ್ಲ. ಆದರೂ ಅದರ ಸಾರ್ವಜನಿಕ ದಾಖಲೆಯಲ್ಲಿ ವ್ಯಕ್ತಿಯ ಹೆಸರು, ಬೀದಿ, ದೂರವಾಣಿ ಕಾಣದಂತೆ ಮುಚ್ಚಿರುತ್ತವೆ. ಸಂಸ್ಥೆಯ ಹೆಸರು, ರಾಜ್ಯ, ದೇಶ ಕಾಣುತ್ತವೆ. ಆದುದರಿಂದ .in ಹೆಸರಿಗೆಂದು ಪ್ರೈವೆಸಿ ಶುಲ್ಕವನ್ನು ಯಾರಾದರೂ ಬಿಲ್ಲಿನಲ್ಲಿ ಸೇರಿಸಿದ್ದರೆ ಅದನ್ನು ಪ್ರಶ್ನಿಸಬೇಕು.

ಸಂಸ್ಥೆಯ ಹೆಸರಿನ ಅಂಕಣದಲ್ಲಿ ಎಚ್ಚರ ಅಗತ್ಯ. ಏಕಮಾಲಿಕತ್ವದ ವ್ಯವಹಾರಸ್ಥರು ಅಲ್ಲಿ ತಮ್ಮ ಸ್ವಂತ ಹೆಸರನ್ನೇ ಬರೆಯುವುದುಂಟು. ಆಗ ಮೇಲಿನ ಅಂಕಣದಲ್ಲಿ ಮುಚ್ಚಿದ ಹೆಸರು ಕೆಳಗಿನ ಅಂಕಣದಲ್ಲಿ ಬಹಿರಂಗವಾಗಬಹುದು. ಅಂಗಡಿಯ ವ್ಯಾಪಾರಿ ಹೆಸರನ್ನು ಬರೆಯುವುದು ಲೇಸು. ಸುಳ್ಳು ವಿಳಾಸ ಕೊಡುವುದು ಮಾತ್ರ ಉಪಾಯವಲ್ಲ. .com ನೋಂದಣಿಯ ಒಪ್ಪಂದದ ಪ್ರಕಾರ ವಿವರಗಳ ನಿಖರತೆಯ ಬಗ್ಗೆ ರಿಜಿಸ್ಟ್ರಾರ್ ಕೇಳಿದಾಗ 15 ದಿನಗಳೊಳಗೆ ಉತ್ತರ ಹೋಗದಿದ್ದರೆ ಡೊಮೇನನ್ನು ತಡೆಹಿಡಿಯಬಹುದು. ಬಳಕೆಯಲ್ಲಿಲ್ಲದ ಇ-ಮೇಲ್ ಬರೆದವರಿಗೆ ಆ ಪ್ರಶ್ನೆ ಬಂದದ್ದೇ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ತಾಣ ನಿಂತಿರುತ್ತದೆ.

ಇಷ್ಟು ಮುಚ್ಚಿದ ಮೇಲೆ ಏನು ಉಳಿಯಿತು ಎಂದು ವ್ಯಾಪಾರಸ್ಥರು ಕೇಳಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮಾಲೀಕನ ಕಾನೂನುಬದ್ಧ ಹೆಸರು ಮತ್ತು ವ್ಯವಹಾರದ ಮುಖ್ಯ ಸ್ಥಳ ಯಾರಿಗಾದರೂ ಕಾಣುತ್ತವೆ. ತಾಣದ ಮೂಲಕವೇ ಸರಕು ಮಾರುವವರು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಂತೆ ತಮ್ಮ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ ವಿವರಗಳನ್ನು ತಾಣದಲ್ಲಿ ತಾವೇ ಪ್ರಕಟಿಸಬೇಕು. ಹೀಗಾಗಿ ಡೊಮೇನ್ ಮುಸುಕಿನಿಂದ ವ್ಯಾಪಾರದ ಗುರುತು ಮರೆಯಾಗದು. ನಿಜವಾಗಿ ಉಳಿಯುವುದು ಮನೆಯವರ ಮೊಬೈಲ್ ಸಂಖ್ಯೆ ಮತ್ತು ಖಾಸಗಿ ಇ-ಮೇಲ್. ಡೊಮೇನಿಗೆ ಮನೆಯ ಫೋನನ್ನು ಬಿಟ್ಟು ಅಂಗಡಿಯ ಫೋನನ್ನು ಕೊಡುವುದರಿಂದ ಅರ್ಧ ಕೆಲಸ ಮುಗಿಯುತ್ತದೆ. 2018ಕ್ಕಿಂತ ಮೊದಲೇ ಮುಸುಕಿಲ್ಲದೆ ಹೆಸರು ಪಡೆದವರ ಹಳೆಯ ವಿವರಗಳನ್ನು ಆ ಕಾಲದಲ್ಲಿಯೇ ನಕಲು ಮಾಡಿಟ್ಟು ಮಾರುವ ಖಾಸಗಿ ಸಂಗ್ರಹಗಳಿವೆ. ಈಗ ಮುಸುಕು ಹೊದಿಸಿದರೆ ಅವು ಅಳಿಯುವುದಿಲ್ಲ.

ಮುಸುಕಿನಿಂದ ಕೆಡುಕೂ ಉಂಟು. ಪ್ರಸಿದ್ಧ ಕಂಪನಿಗಳ ಹೆಸರಿನಲ್ಲಿ ನಕಲಿ ತಾಣ ತೆರೆದವರ ಗುರುತೇ ಸಿಗದ ವಿಷಯ ಡಾಬರ್ ಕಂಪನಿಯ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಆದರೆ ಈ ಭಾಗದ ಸಣ್ಣ ತಯಾರಕರಿಗೆ ಅದಕ್ಕಿಂತ ಹತ್ತಿರದ ಅಪಾಯವೊಂದಿದೆ. ತಾಣ ರೂಪಿಸುವವನು ಡೊಮೇನನ್ನು ತನ್ನ ಸ್ವಂತ ಖಾತೆಯಲ್ಲಿ, ತನ್ನ ಹೆಸರಿನಲ್ಲಿಯೇ ಪಡೆದುಬಿಡುವುದು. ಹಿಂದೆ ಸಾರ್ವಜನಿಕ ದಾಖಲೆಯಲ್ಲಿ ಇದು ಒಂದು ನಿಮಿಷದಲ್ಲಿ ಬಯಲಾಗುತ್ತಿತ್ತು. ಈಗ ಹಣ ಕೊಟ್ಟ ಮಾಲೀಕನಿಗೂ ಕಾಣುವುದು REDACTED ಎಂಬ ಸಾಲೇ. ಐದಾರು ವರ್ಷ ವ್ಯಾಪಾರ ನಡೆದು ಹೆಸರು ಗಿರಾಕಿಗಳ ಬಾಯಲ್ಲಿ ನಿಂತ ಮೇಲೆ ಇಬ್ಬರ ನಡುವೆ ತಕರಾರು ಬಂದರೆ, ರಿಜಿಸ್ಟ್ರಾರ್ ತನ್ನ ಪುಸ್ತಕದಲ್ಲಿರುವ ಹೆಸರಿನವನ ಮಾತನ್ನೇ ಕೇಳುತ್ತಾನೆ.

ಅಥಣಿಯ ತಯಾರಕ ಇದನ್ನು ಎರಡು ಕಡೆ ಪರಿಶೀಲಿಸಬಹುದು. ಮೊದಲನೆಯದು ಬಿಲ್ಲು: ರಿಜಿಸ್ಟ್ರಾರ್ ನೀಡಿದ ಬಿಲ್ಲಿನಲ್ಲಿ ಯಾರ ಹೆಸರು, ಯಾರ ಜಿಎಸ್‌ಟಿ ಸಂಖ್ಯೆ ಇದೆ? ರೂಪಿಸಿದವನ ಸಂಖ್ಯೆ ಇದ್ದರೆ ಆ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆಯ ಜಮೆ ತಯಾರಕನಿಗೆ ಸಿಗದು. ಡೊಮೇನ್ ಯಾರದೆಂಬ ಸಂಶಯಕ್ಕೂ ಅದೇ ಮೊದಲ ಸುಳಿವು. ಎರಡನೆಯದು ರಿಜಿಸ್ಟ್ರಾರ್‌ನ ಖಾತೆ: ಅದರೊಳಗೆ ಪ್ರವೇಶಿಸಿದಾಗ Registrant ಎಂಬ ಶೀರ್ಷಿಕೆಯ ಕೆಳಗೆ ಮುಸುಕಿಲ್ಲದ ವಿವರಗಳು ಕಾಣುತ್ತವೆ. ಅಲ್ಲಿ ತನ್ನ ವ್ಯವಹಾರದ ಹೆಸರು ಮತ್ತು ತಾನು ದಿನವೂ ತೆರೆಯುವ ಇ-ಮೇಲ್ ಇರಬೇಕು. ಬೇರೆ ಹೆಸರಿದ್ದರೆ, ರೂಪಿಸಿದವನೊಂದಿಗೆ ಸಂಬಂಧ ಚೆನ್ನಾಗಿರುವಾಗಲೇ ನೋಂದಣಿದಾರನ ಬದಲಾವಣೆಯನ್ನು ಕೋರಬೇಕು. ಅದಕ್ಕೆ ಹಳೆಯ ಹೆಸರಿನವನ ಒಪ್ಪಿಗೆಯೂ ಬೇಕಾಗುತ್ತದೆ.