ರೇಡಿಯೊದ ‘ಗುಂಯ್’ ಸದ್ದು ನಿಲ್ಲಿಸಲು ಎಷ್ಟು ದೊಡ್ಡ ಕೆಪಾಸಿಟರ್ ಬೇಕು?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹತ್ತುವ ದಾರಿಯಲ್ಲಿ ಸಿಗುವ ಊರು ಅತ್ತಿಗುಂಡಿ. ಇಂಥ ಕಾಫಿ ಸೀಮೆಯ ಊರುಗಳಲ್ಲಿ ಕುಯ್ಲಿನ ಕಾಲಕ್ಕೆ ತೋಟದ ಪಲ್ಪರ್ ಮೋಟಾರು ಶುರುವಾದರೆ, ಲೈನಿನ ಕೊನೆಯಲ್ಲಿರುವ ಮನೆಯ ಬಲ್ಬು ಮಂಕಾಗುತ್ತದೆ. ಅದೇ ಹೊತ್ತಿಗೆ, ಅಲ್ಲಿಯವರೆಗೆ ಚೆನ್ನಾಗಿ ಹಾಡುತ್ತಿದ್ದ ರೇಡಿಯೊ ‘ಗುಂಯ್’ ಎನ್ನತೊಡಗುತ್ತದೆ. ಕೆಟ್ಟಿರುವುದು ರೇಡಿಯೊ ಅಲ್ಲ. ಅದಕ್ಕೆ ಕರೆಂಟು ಕೊಡುವ ಎಲಿಮಿನೇಟರ್‌ನ ಕೆಪಾಸಿಟರ್ ಇಳಿದ ವೋಲ್ಟೇಜಿಗೆ ಸಾಲುತ್ತಿಲ್ಲ, ಅಷ್ಟೆ.

ಈಗಿನ ಹಗುರವಾದ ಸ್ವಿಚಿಂಗ್ ಅಡಾಪ್ಟರ್ ಹಾಕಬಹುದಲ್ಲ ಎಂದು ಕೇಳಬಹುದು. ಆದರೆ ಮೀಡಿಯಂ ವೇವ್ ಕೇಳುವವರಿಗೆ ಅದು ಬೇರೆ ಥರದ ಕರಕರ ಸದ್ದು ತರುವುದುಂಟು. ಅವರಿಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯೇ ಒಳ್ಳೆಯದು. ಅದನ್ನು ಸರಿಯಾದ ಲೆಕ್ಕದಿಂದ ಕಟ್ಟುವುದು ಹೇಗೆ ಎಂಬುದನ್ನು ನೋಡೋಣ.

ಮೊದಲು, ಗುಂಯ್ ಎಲ್ಲಿಂದ ಬರುತ್ತದೆ?

ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಒಂದೇ ಡಯೋಡ್ ಇರುವ ಹಾಫ್ ವೇವ್ ಸರ್ಕ್ಯೂಟ್ ಆ ಅಲೆಯ ಒಂದು ಅರ್ಧವನ್ನು ಮಾತ್ರ ಬಿಡುತ್ತದೆ. ಹಾಗಾಗಿ ಕೆಪಾಸಿಟರ್ 20 ಮಿಲಿಸೆಕೆಂಡಿಗೆ ಒಮ್ಮೆ ತುಂಬುತ್ತದೆ. ನಾಲ್ಕು ಡಯೋಡ್‌ಗಳ ಬ್ರಿಜ್ ಇದ್ದರೆ ಅದು ಫುಲ್ ವೇವ್. ಎರಡೂ ಅರ್ಧ ಬಳಕೆಯಾಗಿ, 10 ಮಿಲಿಸೆಕೆಂಡಿಗೆ ಒಮ್ಮೆ ತುಂಬುತ್ತದೆ.

ತುಂಬುವ ಎರಡು ಗಳಿಗೆಗಳ ನಡುವೆ ರೇಡಿಯೊ ಓಡುವುದು ಕೆಪಾಸಿಟರ್‌ನಲ್ಲಿ ಕೂಡಿಟ್ಟ ಕರೆಂಟಿನಿಂದ. ಬಚ್ಚಲ ಹಂಡೆಯ ನೀರಿನಂತೆ, ತೋಡಿದಷ್ಟೂ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿದಾಗ ಏರುತ್ತದೆ. ಈ ಏರಿಳಿತವೇ ರಿಪಲ್. ತುಂಬುವ ಅಂತರ ಎರಡರಷ್ಟಾದರೆ ಇಳಿತವೂ ಸುಮಾರು ಎರಡರಷ್ಟಾಗುತ್ತದೆ. ಹಾಫ್ ವೇವ್‌ನ ಗುಂಯ್ 50 ಹರ್ಟ್ಸ್‌ನ ದಪ್ಪ ದನಿ; ಫುಲ್ ವೇವ್‌ನದು 100 ಹರ್ಟ್ಸ್, ತುಸು ಮೇಲಿನ ಸ್ವರ.

ಹಂತ 1: ರೇಡಿಯೊ ಎಷ್ಟು ಎಳೆಯುತ್ತದೆ ನೋಡಿ

ನಮ್ಮ ಉದಾಹರಣೆಗೆ 12 ವೋಲ್ಟಿನ ರೇಡಿಯೊ ಸೆಟ್ ಇರಲಿ. ಮಲ್ಟಿಮೀಟರನ್ನು ಆಂಪಿಯರ್‌ಗೆ ತಿರುಗಿಸಿ, ಕರೆಂಟಿನ ದಾರಿಯಲ್ಲಿ ಸೇರಿಸಿ, ದನಿ ಪೂರ್ತಿ ಏರಿಸಿ ಓದಿ. 0.5 ಆಂಪಿಯರ್ ಬಂತೆಂದು ಇಟ್ಟುಕೊಳ್ಳೋಣ. ದನಿ ತಗ್ಗಿಸಿ ಅಳೆದರೆ ಲೆಕ್ಕ ಕೆಡುತ್ತದೆ.

ಹಂತ 2: ಕಡಿಮೆ ವೋಲ್ಟೇಜಿನಲ್ಲಿ ಶಿಖರ ಎಷ್ಟು?

ಲೆಕ್ಕವನ್ನು 230 ವೋಲ್ಟಿಗೆ ಹಾಕಬೇಡಿ. ಪಲ್ಪರ್ ಅಥವಾ ಸ್ಪ್ರಿಂಕ್ಲರ್ ಪಂಪು ಓಡುವಾಗ ನಿಮ್ಮ ಮನೆಯಲ್ಲಿ ಎಷ್ಟಿದೆ ಎಂಬುದನ್ನು ನೋಡಿಕೊಳ್ಳಿ. 190 ಎಂದುಕೊಳ್ಳೋಣ. 230ಕ್ಕೆ 15 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಆಗ 12.4 ವೋಲ್ಟ್ ಕೊಡುತ್ತದೆ. ಅಲೆಯ ಶಿಖರ ಅದರ 1.414 ಪಟ್ಟು, ಅಂದರೆ 17.5. ಬ್ರಿಜ್‌ನಲ್ಲಿ ಒಮ್ಮೆಗೆ ಎರಡು ಡಯೋಡ್ ದಾಟಬೇಕು, ತಲಾ 0.8ರಂತೆ 1.6 ವೋಲ್ಟ್ ಹೋದರೆ ಕೆಪಾಸಿಟರ್‌ಗೆ ಸಿಗುವುದು 15.9 ವೋಲ್ಟ್.

ಹಂತ 3: ಎಷ್ಟು ಇಳಿಯಲು ಬಿಡಬಹುದು?

12 ವೋಲ್ಟನ್ನು ಸ್ಥಿರವಾಗಿ ಕೊಡಲು 7812 ರೆಗ್ಯುಲೇಟರ್ ಹಾಕುತ್ತೇವೆ. ಅದರ ಒಳಬರುವ ವೋಲ್ಟೇಜು ಹೊರಹೋಗುವುದಕ್ಕಿಂತ ಸುಮಾರು 2 ವೋಲ್ಟ್ ಹೆಚ್ಚಿರಲೇಬೇಕು. ಸ್ವಲ್ಪ ಕೈ ಮಿಗಿಸಿ 14.5 ಎಂದಿಟ್ಟುಕೊಳ್ಳಿ. ಕೆಪಾಸಿಟರ್‌ನ ಮಟ್ಟ ಒಂದು ಗಳಿಗೆಯೂ ಇದಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಆ ಹೊಂಡ ನೇರವಾಗಿ ರೇಡಿಯೊಗೆ ದಾಟುತ್ತದೆ. ಪಲ್ಪರ್ ಓಡುವಾಗ ಮಾತ್ರ ಗುಂಯ್ ಕೇಳುವುದು ಇದೇ ಕಾರಣಕ್ಕೆ. 15.9ರಲ್ಲಿ 14.5 ಕಳೆದರೆ 1.4 ವೋಲ್ಟ್. ಅಷ್ಟು ರಿಪಲ್ ಮಾತ್ರ ನಮಗೆ ನಡೆಯುತ್ತದೆ.

ಹಂತ 4: ಕೆಪಾಸಿಟರ್‌ನ ಲೆಕ್ಕ

ಸೂತ್ರ ಇಷ್ಟೇ:

C = I × t ÷ V

I ಎಂದರೆ ಲೋಡಿನ ಕರೆಂಟು, t ಎಂದರೆ ತುಂಬುವ ಅಂತರ, V ಎಂದರೆ ಒಪ್ಪುವ ರಿಪಲ್.

ಫುಲ್ ವೇವ್: 0.5 × 0.01 ÷ 1.4 = 0.00357 ಫ್ಯಾರಡ್, ಅಂದರೆ ಸುಮಾರು 3,570 ಮೈಕ್ರೋಫ್ಯಾರಡ್.

ಅಂಗಡಿಯಲ್ಲಿ ಸಿಗುವ ಮುಂದಿನ ಅಳತೆ 4,700. ಇಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಲ್ಲಿ ಶೇ 20ರಷ್ಟು ಹೆಚ್ಚುಕಡಿಮೆ ಸಾಮಾನ್ಯ. ಶೇ 20 ಕಡಿಮೆ ಇದ್ದರೂ 3,760 ಉಳಿಯುತ್ತದೆ; ನಮ್ಮ ಲೆಕ್ಕಕ್ಕೆ ಸಾಕು.

ಇದೇ 1.4 ವೋಲ್ಟ್ ರಿಪಲ್ಲಿಗೆ ಹಾಫ್ ವೇವ್‌ನಲ್ಲಿ 7,140 ಬೇಕು, ಅಂದರೆ 10,000ದ ದೊಡ್ಡ ಡಬ್ಬಿ. ಒಂದು ಡಯೋಡ್ ಕಡಿಮೆಯಾಗಿ 0.8 ವೋಲ್ಟ್ ಉಳಿಯುತ್ತದೆ ಎಂಬುದು ನಿಜ. ಆದರೆ ಹಾಫ್ ವೇವ್‌ನಲ್ಲಿ ಸುರುಳಿಯ ಕರೆಂಟು ಒಂದೇ ದಿಕ್ಕಿಗೆ ಹರಿದು ಟ್ರಾನ್ಸ್‌ಫಾರ್ಮರ್ ಸುಮ್ಮನೆ ಬಿಸಿಯಾಗುತ್ತದೆ. ಅಗ್ಗದ ನಾಲ್ಕು 4007 ಡಯೋಡ್ ಹಾಕಿ ಬ್ರಿಜ್ ಕಟ್ಟುವುದೇ ಲೇಸು.

ಹಂತ 5: ಉಳಿದ ಬಿಡಿಭಾಗಗಳು

ಕೆಪಾಸಿಟರ್ ತುಂಬುವಾಗ ಕರೆಂಟು ಸಣ್ಣ ಸಣ್ಣ ಜೋರು ಹೊಡೆತಗಳಲ್ಲಿ ಬರುತ್ತದೆ. ಆದ್ದರಿಂದ ಅರ್ಧ ಆಂಪಿಯರ್ ಲೋಡಿಗೆ 1 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ತನ್ನಿ. ಕೆಪಾಸಿಟರ್ 35 ವೋಲ್ಟಿನದಿರಲಿ. ಮೋಟಾರು ನಿಂತು ಲೈನು 260ಕ್ಕೆ ಏರಿ, ರೇಡಿಯೊ ಆಫ್ ಇದ್ದರೆ, ಕೆಪಾಸಿಟರ್ ಮೇಲೆ 25ಕ್ಕೂ ಹೆಚ್ಚು ವೋಲ್ಟ್ ಬೀಳಬಹುದು. 25 ವೋಲ್ಟಿನದು ತಡೆಯುವುದಿಲ್ಲ. ಲೈನು 230 ಇರುವಾಗ 7812 ಸುಮಾರು 3.5 ವಾಟ್ ಶಾಖ ಹೊರಹಾಕಬೇಕು, ಹಾಗಾಗಿ ಹೀಟ್ ಸಿಂಕ್ ಬೇಕೇ ಬೇಕು. ಕೆಪಾಸಿಟರನ್ನು ಆ ಬಿಸಿಯಿಂದ ದೂರ ಕೂರಿಸಿ. ಅದರ ಮೈಮೇಲಿನ ಮೈನಸ್ ಪಟ್ಟಿ ನೋಡಿ ಜೋಡಿಸಿ; ತಿರುಗಾಮುರುಗಾ ಆದರೆ ಸಿಡಿಯುತ್ತದೆ.

ಹಂತ 6: ಕಟ್ಟಿದ ಮೇಲೆ ಅಳೆಯಿರಿ

ರೇಡಿಯೊ ಪೂರ್ತಿ ದನಿಯಲ್ಲಿ ಓಡುತ್ತಿರುವಾಗ ಮೀಟರನ್ನು ಏಸಿ ವೋಲ್ಟಿಗೆ ತಿರುಗಿಸಿ ಕೆಪಾಸಿಟರ್‌ನ ಎರಡು ಕಾಲುಗಳಿಗೆ ಹಿಡಿಯಿರಿ. 4,700 ಮೈಕ್ರೋಫ್ಯಾರಡ್‌ಗೆ ಲೆಕ್ಕದ ರಿಪಲ್ ಸುಮಾರು 1.06 ವೋಲ್ಟ್. ಗರಗಸದ ಹಲ್ಲಿನಂಥ ಈ ಅಲೆಯನ್ನು ಮೀಟರ್ ಅದರ ಮೂರೂವರೆಯಲ್ಲಿ ಒಂದು ಪಾಲಾಗಿ, ಅಂದರೆ 0.3 ವೋಲ್ಟ್ ಆಸುಪಾಸಿನಲ್ಲಿ ತೋರಿಸುತ್ತದೆ. ಕೆಪಾಸಿಟರ್ ಪೂರ್ತಿ 10 ಮಿಲಿಸೆಕೆಂಡು ಖಾಲಿಯಾಗುವುದಿಲ್ಲವಾದ್ದರಿಂದ ಸ್ವಲ್ಪ ಕಡಿಮೆಯೂ ಬರಬಹುದು.

ಅಗ್ಗದ ಕೆಲವು ಮೀಟರ್‌ಗಳು ಡಿಸಿಯನ್ನು ತಡೆಯದೆ ದೊಡ್ಡ ಸಂಖ್ಯೆ ತೋರಿಸುತ್ತವೆ. ಕಡ್ಡಿಗಳನ್ನು ಅದಲುಬದಲು ಮಾಡಿದಾಗ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಸೊನ್ನೆ ಬಂದರೆ ಮೀಟರಿನದೇ ದೋಷ. ಒಂದು ಕಡ್ಡಿಗೆ 1 ಮೈಕ್ರೋಫ್ಯಾರಡಿನ, ಪ್ಲಸ್ ಮೈನಸ್ ಇಲ್ಲದ ಫಿಲ್ಮ್ ಕೆಪಾಸಿಟರ್ ಸೇರಿಸಿ ಮತ್ತೆ ಓದಿ.

ಮುಂದೊಂದು ದಿನ ಈ ಅಂಕಿ ಇದ್ದಕ್ಕಿದ್ದಂತೆ ಎರಡರಷ್ಟಾಗಿ, ಗುಂಯ್ ಕೂಡ ದಪ್ಪ ದನಿಗೆ ಇಳಿದರೆ, ಬ್ರಿಜ್‌ನ ಒಂದು ಡಯೋಡ್ ಕಡಿದಿದೆ. ನಿಮ್ಮ ಫುಲ್ ವೇವ್ ಈಗ ಹಾಫ್ ವೇವ್ ಆಗಿದೆ. ದನಿಯ ಸ್ವರ ಬದಲಾಗದೆ ತಿಂಗಳುಗಟ್ಟಲೆ ನಿಧಾನವಾಗಿ ಅಂಕಿ ಏರುತ್ತಿದ್ದರೆ ಕೆಪಾಸಿಟರ್ ಒಣಗುತ್ತಿದೆ. ಅದರ ನೆತ್ತಿ ಉಬ್ಬಿದ್ದರಂತೂ ಇನ್ನು ಕಾಯಬೇಡಿ.

ಟ್ರಾನ್ಸ್‌ಫಾರ್ಮರ್‌ನ ಒಂದು ಬದಿಯಲ್ಲಿ 230 ವೋಲ್ಟ್ ಇರುತ್ತದೆ ಎಂಬುದನ್ನು ಮರೆಯಬೇಡಿ. ಪೆಟ್ಟಿಗೆ ಬಿಚ್ಚುವ ಮುನ್ನ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಪಲ್ಪರ್ ಓಡುವ ಹೊತ್ತಿಗೆ ನಿಮ್ಮ ಮನೆಯ ವೋಲ್ಟೇಜ್ ಎಷ್ಟೆಂದು ಇವತ್ತೇ ಬರೆದಿಟ್ಟುಕೊಳ್ಳಿ. ಈ ಲೆಕ್ಕವೆಲ್ಲ ಶುರುವಾಗುವುದು ಆ ಒಂದು ಅಂಕಿಯಿಂದ.