ಉಪ್ಪುನೀರಿನಲ್ಲಿ ಬಾಡಿದ ಮುಲ್ಲಂಗಿ ಹೂವು

ಬಂಟ್ವಾಳ ತಾಲೂಕಿನ ಶಾಲೆಯೊಂದರ 8ನೇ ತರಗತಿಗೆ, ಶಾರದಾ ಪೂಜೆಯ ಅಲಂಕಾರದ ಮೇಜಿಗಾಗಿ ಮುಲ್ಲಂಗಿ ಹೂವು ಮಾಡುವ ಅಭ್ಯಾಸ ಪಾಠ ಕೊಟ್ಟೆ.

ಸಾಮಗ್ರಿ: ಸಣ್ಣ ಹರಿತ ಚೂರಿ, ಮಣೆ, ಬೋಗುಣಿ, ತಣ್ಣೀರು.

ವಿಧಾನ: ಎಳೆಯ ಮುಲ್ಲಂಗಿಯನ್ನು ಸಿಪ್ಪೆ ತೆಗೆಯದೆ ತೊಳೆದು, ಮೂರು ಬೆರಳುದ್ದದ ತುಂಡು ಮಾಡಿ ಮಣೆಯ ಮೇಲೆ ನಿಲ್ಲಿಸಬೇಕು. ಸುತ್ತಲೂ ಸಿಪ್ಪೆಯ ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಐದು ತೆಳು ಎಸಳು ಸೀಳಬೇಕು. ಬುಡದಲ್ಲಿ ಒಂದು ಬೆರಳಗಲ ಉಳಿದಾಗ ಚೂರಿ ನಿಲ್ಲಬೇಕು. ಇಲ್ಲದಿದ್ದರೆ ಎಸಳು ಕಳಚುತ್ತದೆ. ಉಳಿದ ನಡುಭಾಗವನ್ನು ಮೊಗ್ಗಿನಂತೆ ದುಂಡಗೆ ಕೆತ್ತಬೇಕು.

ನನ್ನ ತಪ್ಪು: ಕೆಡದಿರಲೆಂದು ಹೂವುಗಳನ್ನು ಉಪ್ಪುನೀರಿಗೆ ಹಾಕಿಸಿದೆ. ಎಸಳು ಅರಳಲಿಲ್ಲ, ಬಟ್ಟೆಯಂತೆ ಜೋತುಬಿದ್ದವು. ಮಕ್ಕಳ ಮುಖವೂ ಬಾಡಿತು.

ಮರುಪಾಠ: ಒಂದು ಬೋಗುಣಿಯಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಬರೀ ತಣ್ಣೀರು ಇಟ್ಟು, ಎರಡರಲ್ಲೂ ಹೂವು ಮುಳುಗಿಸಿದೆವು. ಅರ್ಧ ಗಂಟೆಯಲ್ಲಿ ತಣ್ಣೀರಿನ ಹೂವು ಅರಳಿತ್ತು. ಎಸಳಿನ ಒಳತಿರುಳು ನೀರು ಹೀರಿ ಹಿಗ್ಗುತ್ತದೆ, ಸಿಪ್ಪೆ ಅಷ್ಟು ಹಿಗ್ಗುವುದಿಲ್ಲ. ಆದ್ದರಿಂದ ಎಸಳು ಹೊರಗೆ ಬಾಗುತ್ತದೆ. ಉಪ್ಪು ತಿರುಳಿನ ನೀರನ್ನೇ ಹೊರಗೆಳೆಯುತ್ತದೆ. ವಿಜ್ಞಾನದಲ್ಲಿ ಓದಿದ ಪರಾಸರಣವನ್ನು ಮಕ್ಕಳೇ ನೆನಪಿಸಿದರು.

ಪೂಜೆಯ ದಿನ ಹೂವುಗಳನ್ನು ಕೊನೆಯಲ್ಲಿ ಮೇಜಿಗಿಟ್ಟು, ಆಗಾಗ ನೀರು ಚಿಮುಕಿಸಿದೆವು. ಎಸಳು ಮೆತ್ತಗಾದವನ್ನು ಮತ್ತೆ ತಣ್ಣೀರಿಗೆ ಹಾಕಿದಾಗ ಚೇತರಿಸಿದವು. ಉಪ್ಪಿನಲ್ಲಿ ಬಾಡಿದವು ಮೊದಲಿನಂತಾಗಲಿಲ್ಲ.